ಚೌಕಗಳ ಹಿಂದಿನ ಮುಖ ಮೊಬೈಲ್‌ನಲ್ಲಿ ಮರಳಿ ಬರುತ್ತದೆ

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಮುಗಿದ ಮೇಲೆ ನನ್ನ ಎಡಿಟಿಂಗ್ ಕೋಣೆಗೆ ಬರುವ ಹುಡುಗರು ಹೇಳುವುದು ಒಂದೇ ಮಾತು: "ಸಾರ್, ಮಕ್ಕಳ ಮುಖಕ್ಕೆಲ್ಲ ಮೊಸಾಯಿಕ್ ಹಾಕಿದ್ದೇವೆ, ಇನ್ನು ಯೂಟ್ಯೂಬ್‌ಗೆ ಏರಿಸಬಹುದಲ್ಲವೇ?" ದೊಡ್ಡ ಪರದೆಯಲ್ಲಿ ನೋಡಿದರೆ ಮುಖವಿದ್ದ ಜಾಗದಲ್ಲಿ ಚೌಕಗಳಷ್ಟೇ ಇರುತ್ತವೆ. ಅದೇ ತುಣುಕನ್ನು ಮೊಬೈಲ್‌ಗೆ ಹಾಕಿಸಿ, ಕೈ ನೀಡಿ ದೂರದಿಂದ ನೋಡಲು ಹೇಳುತ್ತೇನೆ. ಮುಖ ಮರಳಿ ಬರುತ್ತದೆ.

ಪ್ರತಿ ಜಾತ್ರೆಗೂ ಇದನ್ನೇ ವಿವರಿಸಿ ನನಗೆ ಬೇಸರ ಬಂದಿದೆ, ಆದರೂ ಇನ್ನೊಮ್ಮೆ ಬರೆಯುತ್ತೇನೆ. ಚೌಕಗಳು ದೊಡ್ಡದಾಗಿ ಕಂಡಾಗ ಅವುಗಳ ಚೂಪು ಅಂಚುಗಳೇ ಕಣ್ಣನ್ನು ಸೆಳೆಯುತ್ತವೆ, ಮುಖ ಅವುಗಳ ಹಿಂದೆ ಅಡಗುತ್ತದೆ. ಚಿತ್ರ ಕಿರಿದಾದರೆ ಅಂಚುಗಳು ಕಾಣುವುದಿಲ್ಲ. ಹಣೆಯ ಬೆಳಕು, ಕಣ್ಣಿನ ಕುಳಿಗಳ ನೆರಳು, ಗಲ್ಲದ ಆಕಾರ ಉಳಿಯುತ್ತವೆ. ಸಂಶೋಧಕರಾದ ಲಿಯಾನ್ ಹಾರ್ಮನ್ ಮತ್ತು ಬೇಲಾ ಜೂಲೆಸ್ 1973ರಲ್ಲಿ ಲಿಂಕನ್‌ರ ಮುಖವನ್ನು ಹೀಗೆ ಚೌಕವಾಗಿಸಿ ಇದನ್ನು ತೋರಿಸಿದ್ದರು. ಪರಿಚಿತ ಮುಖವಾದರೆ ಗುರುತಿಗೆ ಇನ್ನೂ ಕಡಿಮೆ ವಿವರ ಸಾಕು. ವಿಜ್ಞಾನಿ ಪವನ್ ಸಿನ್ಹಾ ಅವರ ತಂಡದ ಪ್ರಯೋಗದಲ್ಲಿ ಅಡ್ಡಕ್ಕೆ 7, ಉದ್ದಕ್ಕೆ 10 ಚುಕ್ಕೆಗಳಷ್ಟೇ ವಿವರ ಉಳಿಯುವಂತೆ ಮಸುಕಾಗಿಸಿದ ಪ್ರಸಿದ್ಧರ ಮುಖಗಳನ್ನೂ ಜನ ಅರ್ಧಕ್ಕಿಂತ ಹೆಚ್ಚು ಸಲ ಗುರುತಿಸಿದರು. ನಮ್ಮ ವಿಡಿಯೊ ನೋಡುವವರು ಯಾರು? ಆ ಮಗುವಿನ ಓಣಿಯವರು, ಶಾಲೆಯ ಜೊತೆಗಾರರು. ಯಾರಿಂದ ಮರೆಮಾಡಬೇಕೋ ಅವರೇ ಮಗುವನ್ನು ಚೆನ್ನಾಗಿ ಬಲ್ಲವರು.

ಕಳೆದ ಜಾತ್ರೆಯ ಒಂದು ತುಣುಕನ್ನೇ ತೆಗೆದುಕೊಳ್ಳಿ. ಬೇವಿನ ಉಡುಗೆಯ ಹರಕೆ ತೀರಿಸಲು ಬಂದ ಎಂಟೊಂಬತ್ತು ವರ್ಷದ ಹುಡುಗಿ. ಮೈಮೇಲೆ ಬೇವಿನ ಸೊಪ್ಪು, ಪಕ್ಕದಲ್ಲಿ ಅಜ್ಜಿ. ಚಿತ್ರದ ಅಗಲ 1920 ಪಿಕ್ಸೆಲ್, ಅದರಲ್ಲಿ ಮುಖದ ಅಗಲ ಸುಮಾರು 300. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್‌ನ ಮೊಸಾಯಿಕ್‌ನಲ್ಲಿ ಹುಡುಗರು Horizontal Blocks 96, Vertical Blocks 54 ಇಟ್ಟಿದ್ದರು. ಅಂಕಿ ಹೆಚ್ಚಿದಷ್ಟೂ ಮುಖ ಹೆಚ್ಚು ಮರೆಯಾಗುತ್ತದೆ ಎಂದು ಅವರು ತಿಳಿದಿದ್ದರು. ಆಗುವುದು ತದ್ವಿರುದ್ಧ. ಅದು ಇಡೀ ಚಿತ್ರದಲ್ಲಿ ಎಷ್ಟು ಚೌಕಗಳಿರಬೇಕು ಎಂಬ ಲೆಕ್ಕ. 96 ಎಂದರೆ ಒಂದೊಂದು ಚೌಕ 20 ಪಿಕ್ಸೆಲ್, ಮುಖದ ಅಡ್ಡಕ್ಕೆ 15 ಚೌಕ. ಅಷ್ಟಿದ್ದರೆ ಪರಿಚಯದವರು ಗುರುತಿಸುತ್ತಾರೆ. 32 ಮತ್ತು 18ಕ್ಕೆ ಇಳಿಸಿದೆವು. ಚೌಕ 60 ಪಿಕ್ಸೆಲ್ ಆಗಿ ಮುಖಕ್ಕೆ ಐದೇ ಉಳಿದವು. ಆದರೆ ಮುಂದೆ ಕ್ಯಾಮೆರಾ ಹುಡುಗಿಯ ಹತ್ತಿರ ಹೋಗಿ ಮುಖ 600 ಪಿಕ್ಸೆಲ್ ಆಗಿತ್ತು. ಅಲ್ಲಿ ಅದೇ ಅಂಕಿಯಿಂದ ಮತ್ತೆ ಹತ್ತು ಚೌಕಗಳಾದವು. ಆದ್ದರಿಂದ ಆ ಭಾಗವನ್ನು ಕತ್ತರಿಸಿ, ಅದಕ್ಕೆ ಬೇರೆಯಾಗಿ 16 ಮತ್ತು 9 ಕೊಡಬೇಕಾಯಿತು. ಚಲಿಸುವ ಚಿತ್ರದಲ್ಲಿ ಇನ್ನೊಂದು ತೊಡಕೂ ಇದೆ. ಚೌಕಗಳು ನಿಂತಲ್ಲೇ ಇರುತ್ತವೆ, ಮುಖ ಅವುಗಳ ಕೆಳಗೆ ಸರಿಯುತ್ತದೆ. ಹಲವು ಫ್ರೇಮ್‌ಗಳನ್ನು ಸೇರಿಸಿ ನೋಡುವವರಿಗೆ ವಿವರ ಸ್ವಲ್ಪ ಸ್ವಲ್ಪವಾಗಿ ಸಿಗುತ್ತದೆ. ನನ್ನನ್ನು ಕೇಳಿದರೆ ಮಕ್ಕಳ ಮುಖಕ್ಕೆ ಕಿವಿ, ಕೂದಲು ಸೇರುವಷ್ಟು ಅಗಲವಾಗಿ ಒಂದೇ ಬಣ್ಣದ ಅಂಡಾಕಾರ ಹಾಕುವುದು ಲೇಸು. ನೋಡಲು ಚೆಂದವಿಲ್ಲ, ಒಪ್ಪುತ್ತೇನೆ.

ಮೊಸಾಯಿಕ್ ಮುಖದ ಮೇಲಷ್ಟೇ ಕಾಣುವಂತೆ ಮುಖವನ್ನು ಹಿಂಬಾಲಿಸುವ ಮಾಸ್ಕ್ ಎಲ್ಲಿ ಜಾರುತ್ತದೆ ಎಂಬುದು ಅನುಭವಸ್ಥರಿಗೆ ಗೊತ್ತೇ ಇದೆ: ಯಾರಾದರೂ ಅಡ್ಡ ಬಂದಾಗ, ಭಂಡಾರ ಎರಚಿದಾಗ, ಮಗು ಪಕ್ಕಕ್ಕೆ ತಿರುಗಿದಾಗ. ಆ ಜಾಗಗಳನ್ನಾದರೂ ಒಂದೊಂದೇ ಫ್ರೇಮ್ ಸರಿಸಿ ನೋಡಿ. ಒಂದು ಫ್ರೇಮ್ ಬಿಟ್ಟುಹೋದರೂ ಅದನ್ನು ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಬಹುದು.

ಒಪ್ಪಿಗೆಯ ಬಗ್ಗೆ ನಾನು ವಕೀಲನಂತೆ ಮಾತನಾಡಲಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕು ಎಂದಿದೆ. ನಿಮ್ಮ ಚಿತ್ರೀಕರಣಕ್ಕೆ ಅದು ಹೇಗೆ ಅನ್ವಯಿಸುತ್ತದೆಂದು ತಿಳಿದವರನ್ನು ಕೇಳಿ. ನನ್ನ ರೂಢಿ ಸರಳವಾದದ್ದು. ತೇರಿನ ಮುಂದಿನ ಜನಸಾಗರವನ್ನು ದೂರದಿಂದ ತೆಗೆದಾಗ ಯಾರನ್ನೂ ಕೇಳುವುದಿಲ್ಲ. ಒಬ್ಬರ ಮೇಲೆ ಕ್ಯಾಮೆರಾ ನಿಂತಿತೆಂದರೆ ಕೇಳಲೇಬೇಕು. ಮೈಮೇಲೆ ದೇವರು ಬಂದ ಹೆಣ್ಣುಮಗಳು ಆ ಗಳಿಗೆಯಲ್ಲಿ ಹೂಂ ಎಂದರೂ ಅದು ಒಪ್ಪಿಗೆಯಲ್ಲ. ಆಕೆ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ತುಣುಕನ್ನು ತೋರಿಸಿ ಕೇಳಿ, ಬೇಡವೆಂದರೆ ಅವರೆದುರಿಗೇ ಅಳಿಸಿ. ಹರಕೆ ಆಕೆಗೂ ದುಗ್ಗಮ್ಮನಿಗೂ ಸಂಬಂಧಿಸಿದ್ದು.

ಬೇವಿನುಡುಗೆಯ ಹುಡುಗಿಯ ತುಣುಕನ್ನು ಕೊನೆಗೆ ಬಳಸಲಿಲ್ಲ. ಮುಖ ಪೂರ್ತಿ ಮುಚ್ಚಿದ ಮೇಲೂ ಅಜ್ಜಿಯ ಮುಖ ಸ್ಪಷ್ಟವಾಗಿತ್ತು, ಧ್ವನಿಯಲ್ಲಿ ಯಾರೋ ಮಗುವನ್ನು ಹೆಸರು ಹಿಡಿದು ಕೂಗುತ್ತಿದ್ದರು. ತಾಯಿಯ ಫೋನ್ ನಂಬರನ್ನು ಹುಡುಗರು ಬರೆದುಕೊಂಡಿರಲಿಲ್ಲ. ಬೇವಿನ ಸೊಪ್ಪಿನ ರಾಶಿಯ ದೃಶ್ಯವನ್ನು ಆ ಜಾಗಕ್ಕೆ ಹಾಕಿ, ತಮಟೆಯ ಸದ್ದನ್ನು ಅದರ ಮೇಲೆ ಎಳೆದೆವು.