ಒಡವೆ ಯಾರ ಕೈಯಲ್ಲಿತ್ತು? ಜ್ಯುವೆಲ್ಲರ್ಸ್ ಬ್ಲಾಕ್ ಪಾಲಿಸಿಯ ಟಿಪ್ಪಣಿ

ಒಡವೆ ವ್ಯಾಪಾರಿಗಳ ಸರಕಿಗೆ ಮಾಡಿಸುವ ವಿಮೆಯೇ ಜ್ಯುವೆಲ್ಲರ್ಸ್ ಬ್ಲಾಕ್ ಪಾಲಿಸಿ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ವಿಭಾಗಗಳು. ಅಂಗಡಿಯೊಳಗಿನ ದಾಸ್ತಾನು ಮೊದಲನೆಯದು. ಮಾಲೀಕರು, ಪಾಲುದಾರರು ಅಥವಾ ನೌಕರರ ವಶದಲ್ಲಿ ಅಂಗಡಿಯ ಹೊರಗಿರುವ ಸರಕು ಎರಡನೆಯದು. ಅಂಚೆ ಮುಂತಾದ ಸಾಗಣೆಯಲ್ಲಿರುವ ಸರಕು ಮೂರನೆಯದು, ಪೀಠೋಪಕರಣಗಳು ನಾಲ್ಕನೆಯದು. ವಿಮಾ ಪರೀಕ್ಷೆಗೆ ಓದುವವರೆಲ್ಲರೂ ಇಷ್ಟನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಆದರೆ ಕ್ಲೇಮು ಬಂದಾಗ ನಷ್ಟವನ್ನು ಪರಿಶೀಲಿಸುವ ಸರ್ವೇಯರ್ ಕೇಳುವುದು ಬೇರೆಯೇ ಪ್ರಶ್ನೆ: ಕಳೆದ ಕ್ಷಣದಲ್ಲಿ ಒಡವೆ ಎಲ್ಲಿತ್ತು, ಯಾರ ಕೈಯಲ್ಲಿತ್ತು, ಆಗ ಅಂಗಡಿ ತೆರೆದಿತ್ತೇ ಮುಚ್ಚಿತ್ತೇ? ಈ ಟಿಪ್ಪಣಿಯಲ್ಲಿ ನಾನು ಹಿಡಿದು ಹೋಗುವ ಎಳೆ ಅದೊಂದೇ.

ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಚಿನ್ನದಂಗಡಿ ಇದೆಯೆಂದು ಇಟ್ಟುಕೊಳ್ಳೋಣ. ಮಾಲೀಕರು, ಅವರ ಮಗ, ಒಬ್ಬ ನೌಕರ. ಒಡವೆ ಮಾಡಿಸುವುದು ನಗರ್ತಪೇಟೆಯ ಅಕ್ಕಸಾಲಿಗರ ಹತ್ತಿರ. ಒಂದನೆಯ ವಿಭಾಗಕ್ಕೆ 80 ಲಕ್ಷ, ಎರಡನೆಯದಕ್ಕೆ 5 ಲಕ್ಷ ವಿಮಾ ಮೊತ್ತ. ರಿಪೇರಿಗೆಂದು ಗಿರಾಕಿಗಳು ಕೊಟ್ಟ ಬಳೆ, ಸರಗಳೂ ಇವರ ಹೊಣೆಯಲ್ಲಿರುವುದರಿಂದ ಮೊತ್ತವನ್ನು ನಿಗದಿ ಮಾಡುವಾಗ ಅವುಗಳನ್ನೂ ಸೇರಿಸಬೇಕು. ಗಿರವಿ ವ್ಯವಹಾರವಿದ್ದರೆ ಅದನ್ನು ಪ್ರಸ್ತಾವನಾ ಪತ್ರದಲ್ಲಿಯೇ ತಿಳಿಸಬೇಕು.

ಮೊದಲು ತಿಜೋರಿ. ವ್ಯವಹಾರದ ಹೊತ್ತು ಮುಗಿದ ಮೇಲೆ ತಿಜೋರಿಯ ಹೊರಗಿಟ್ಟ ಸರಕಿಗೂ ರಾತ್ರಿ ಶೋಕೇಸಿನಲ್ಲಿ ಉಳಿದ ಸರಕಿಗೂ ಸಾಮಾನ್ಯ ಪಾಲಿಸಿಯಲ್ಲಿ ರಕ್ಷಣೆ ಇಲ್ಲ. ರಾತ್ರಿ ಶಟರ್ ಮುರಿದು ಒಳನುಗ್ಗಿದವನಿಗೆ ಕೈಗೆ ಸಿಗುವುದು ಹೊರಗಿರುವುದೇ. ತಿಜೋರಿಯನ್ನು ಕೊರೆಯಲು ಸಮಯ ಬೇಕು, ಸದ್ದೂ ಆಗುತ್ತದೆ. ವಿಮಾ ಕಂಪನಿ ಪ್ರೀಮಿಯಂ ಲೆಕ್ಕ ಹಾಕಿರುವುದು ಆ ಅಡೆತಡೆಯನ್ನು ನಂಬಿ. ಆದ್ದರಿಂದ ಬೆಳ್ಳಿಯ ದೀಪ, ತಟ್ಟೆಗಳು ತಿಜೋರಿಯಲ್ಲಿ ಹಿಡಿಸುವುದಿಲ್ಲವೆಂದು ಕಪಾಟಿನಲ್ಲೇ ಬಿಡುವ ಅಂಗಡಿಯವರಿಗೆ ಈ ಷರತ್ತನ್ನು ಪಾಲಿಸಿ ಮಾಡಿಸುವ ದಿನವೇ ಓದಿ ಹೇಳಬೇಕು. ಅದನ್ನು ಹೇಳದೆ ಪಾಲಿಸಿ ಮಾರುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಬೀಗದ ಕೈಯ ಷರತ್ತು ಇನ್ನೂ ಸೂಕ್ಷ್ಮ. ಅಸಲಿ ಕೀಲಿಯಿಂದಾಗಲಿ ನಕಲಿ ಕೀಲಿಯಿಂದಾಗಲಿ ತಿಜೋರಿ ತೆರೆದು ಕದ್ದರೆ ಪರಿಹಾರ ಸಿಗುವುದಿಲ್ಲ. ಆ ಕೀಲಿಯನ್ನು ಹಲ್ಲೆ ಮಾಡಿ ಅಥವಾ ಬೆದರಿಸಿ ಕಿತ್ತುಕೊಂಡಿದ್ದರೆ ಮಾತ್ರ ಸಿಗುತ್ತದೆ. ಸರ್ವೇಯರ್ ಮೊದಲು ನೋಡುವುದು ಬೀಗದ ಸುತ್ತಲಿನ ಲೋಹವನ್ನು. ಕೊರೆದ, ಗ್ಯಾಸಿನಿಂದ ಕತ್ತರಿಸಿದ ಅಥವಾ ಮೀಟಿದ ಗುರುತಿಲ್ಲದೆ ಬಾಗಿಲು ತೆರೆದಿದ್ದರೆ ಮುಂದಿನ ಪ್ರಶ್ನೆ ಎರಡನೇ ಕೀಲಿ ಎಲ್ಲಿತ್ತು ಎಂಬುದು. ಅದು ಗಲ್ಲಾಪೆಟ್ಟಿಗೆಯಲ್ಲಿಯೇ ಇತ್ತು ಎಂಬ ಉತ್ತರ ಬಂದರೆ ಕ್ಲೇಮು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ.

ಈಗ ಒಡವೆ ಅಂಗಡಿಯಿಂದ ಹೊರಡಲಿ. ಜಯನಗರದ ಒಂದು ಮನೆಯಲ್ಲಿ ಮದುವೆ. ಮನೆಯ ಹಿರಿಯರಿಗೆ ಓಡಾಡಲಾಗದು, ನಾಲ್ಕಾರು ಹಾರಗಳನ್ನು ಮನೆಗೇ ತಂದು ತೋರಿಸಿ ಎಂದು ಕೇಳಿದ್ದಾರೆ. ಮಾಲೀಕರ ಮಗ 7 ಲಕ್ಷದ ಒಡವೆಗಳನ್ನು ಚೀಲದಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಹೊರಡುತ್ತಾನೆ. ಆ ಕ್ಷಣದಿಂದ ಅವು ಒಂದನೆಯ ವಿಭಾಗವನ್ನು ಬಿಟ್ಟು ಎರಡನೆಯದರೊಳಗೆ ಬಂದವು.

ದಾರಿಯಲ್ಲಿ ಬೈಕಿನವರು ತಳ್ಳಿ ಚೀಲವನ್ನು ಕಿತ್ತುಕೊಂಡು ಹೋದರು ಎನ್ನೋಣ. ಎರಡನೆಯ ವಿಭಾಗ ಇರುವುದೇ ಇಂಥದ್ದಕ್ಕೆ. ಅದರ ಬದಲು, ಚೀಲವನ್ನು ಡಿಕ್ಕಿಯಲ್ಲಿಟ್ಟು ಕಾಫಿ ಕುಡಿಯಲು ಹೋಟೆಲಿನೊಳಗೆ ಹೋದಾಗ ಯಾರೋ ಡಿಕ್ಕಿ ಮುರಿದರು ಎನ್ನೋಣ. ಕಾಯುವವರಿಲ್ಲದ ವಾಹನದಿಂದ ಕಳವಾದದ್ದನ್ನು ಪಾಲಿಸಿ ಹೊರಗಿಡುತ್ತದೆ; ಡಿಕ್ಕಿಗೆ ಬೀಗ ಹಾಕಿದ್ದೆ ಎಂಬ ಮಾತು ಅದನ್ನು ಸರಿಪಡಿಸುವುದಿಲ್ಲ. ಚೀಲ ಬೇಡವೆಂದು ಒಂದು ಸರವನ್ನು ಕೊರಳಿಗೇ ಹಾಕಿಕೊಂಡು ಹೋದರೆ ಅಲ್ಲಿಯೂ ತೊಡಕು, ಏಕೆಂದರೆ ಸ್ವಂತಕ್ಕೆ ಧರಿಸಿದ ಒಡವೆಗೆ ರಕ್ಷಣೆ ಇಲ್ಲ. ಸರ ಮಾರಾಟದ ಸರಕೇ ಆಗಿತ್ತೆಂದು ತೋರಿಸಲು ಹೆಣಗಬೇಕಾಗುತ್ತದೆ.

ಮೂರನೆಯ ಸಂದರ್ಭವೇ ಹೆಚ್ಚು ಜನ ಎಡವುವ ಜಾಗ. ಮನೆಯವರು, “ರಾತ್ರಿ ಎಲ್ಲರೂ ಕೂತು ನೋಡುತ್ತೇವೆ, ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗಿ” ಎನ್ನುತ್ತಾರೆ. ಇವನು ಬಿಟ್ಟು ಬರುತ್ತಾನೆ. ಬೆಳಿಗ್ಗೆ ಹೋದರೆ ಒಂದು ಹಾರ ಕಡಿಮೆ, ಮನೆಯವರು ಕೊಟ್ಟದ್ದು ಇಷ್ಟೇ ಎನ್ನುತ್ತಾರೆ. ಗಿರಾಕಿ, ದಲ್ಲಾಳಿ ಅಥವಾ ಅಕ್ಕಸಾಲಿಗನಿಗೆ ನಂಬಿ ಒಪ್ಪಿಸಿದ ಸರಕನ್ನು ಅವರೇ ಲಪಟಾಯಿಸಿದರೆ ಪಾಲಿಸಿ ಹೊಣೆ ಹೊರುವುದಿಲ್ಲ. ಇಲ್ಲಿ ತೂಕವಿರುವುದು ಒಪ್ಪಿಸುವುದು ಎಂಬ ಪದಕ್ಕೆ. ಗಿರಾಕಿಯಂತೆ ಬಂದವನೊಬ್ಬ ಅಂಗಡಿಯಲ್ಲಿ ಕಣ್ತಪ್ಪಿಸಿ ಬಳೆ ಎತ್ತಿಕೊಂಡು ಹೋದರೆ, ಅದು ಅವನಿಗೆ ಒಪ್ಪಿಸಿದ ಸರಕಲ್ಲ. ನ್ಯಾಷನಲ್ ಇನ್ಶೂರೆನ್ಸ್ ಮತ್ತು ಈಶರ್ ದಾಸ್ ಮದನ್ ಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಈ ಹೊರಗಿಡುವ ಷರತ್ತನ್ನು ಬಿಗಿಯಾಗಿಯೇ ಓದಿ, ಅದು ಅನ್ವಯಿಸಬೇಕಾದರೆ ಒಪ್ಪಿಸಿದ್ದು ಸಾಬೀತಾಗಬೇಕು ಎಂದಿತು. ಗಿರಾಕಿ ಎಂಬ ಪದ ಕಂಡ ಕೂಡಲೇ ಕ್ಲೇಮು ಹೋಯಿತೆಂದು ಉತ್ತರ ಬರೆಯಬೇಡಿ.

ಇದೇ ತರ್ಕ ನೌಕರನಿಗೂ ತಾಗುತ್ತದೆ. ಮಗನ ಬದಲು ನೌಕರ ಚೀಲ ಹಿಡಿದು ಹೋಗಿ ಅವನಿಂದ ಬೇರೆಯವರು ದೋಚಿದರೆ ಅದು ರಕ್ಷಣೆಯೊಳಗೆ. ಅವನೇ ಚೀಲದೊಂದಿಗೆ ನಾಪತ್ತೆಯಾದರೆ, ನೌಕರರ ವಂಚನೆಗೆ ಪ್ರತ್ಯೇಕ ರಕ್ಷಣೆ ಕೊಂಡಿರದಿದ್ದರೆ, ಹೊರಗೆ.

ಚೀಲದಲ್ಲಿ ನಿಜವಾಗಿ ಏನಿತ್ತು ಎಂಬುದಕ್ಕೆ ಸಾಕ್ಷಿ ಕಾಗದ. ಗಿರಾಕಿ ಒಪ್ಪಿದರೆ ಮಾತ್ರ ಮಾರಾಟವಾಗುವ ಒಡವೆಯನ್ನು ಜಿಎಸ್‌ಟಿ ನಿಯಮದಂತೆ ಡೆಲಿವರಿ ಚಲನ್ ಬರೆದು ಒಯ್ಯಬಹುದು, ಒಪ್ಪಿದ ಮೇಲೆ ಬಿಲ್ಲು ಹಾಕಬಹುದು. ಆಭರಣಗಳನ್ನೇ ಕುರಿತು 2017ರ ಅಕ್ಟೋಬರಿನಲ್ಲಿ ಬಂದ ಸುತ್ತೋಲೆ ಇದನ್ನು ಸ್ಪಷ್ಟಪಡಿಸಿತು. ತೆರಿಗೆಗೆಂದು ಬರೆದ ಆ ಚಲನ್ ವಿಮೆಗೂ ಒಳ್ಳೆಯ ಆಧಾರ. ಪ್ರತಿ ಒಡವೆಯ ತೂಕ, ಹಾಲ್‌ಮಾರ್ಕ್ ಸಂಖ್ಯೆ, ಹೊರಟ ಹೊತ್ತು ಅದರಲ್ಲಿರಲಿ. ಒಂದು ಪ್ರತಿ ಅಂಗಡಿಯಲ್ಲಿ ಉಳಿಯಲಿ. ಸರ್ವೇಯರ್ ಅದನ್ನು ದಾಸ್ತಾನು ಪುಸ್ತಕ ಮತ್ತು ಖರೀದಿ ಬಿಲ್ಲಿನೊಂದಿಗೆ ತಾಳೆ ನೋಡುತ್ತಾರೆ. ಘಟನೆಯಾದ ಮೇಲೆ ನೆನಪಿನಿಂದ ಬರೆದ ಪಟ್ಟಿ ಈ ತಾಳೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಕಾರಣ ತಿಳಿಯದೆ ದಾಸ್ತಾನು ಎಣಿಕೆಯಲ್ಲಿ ಕಂಡುಬಂದ ಕೊರತೆಗೆ ಹೇಗೂ ಪರಿಹಾರವಿಲ್ಲ.

ಕೊನೆಯದಾಗಿ ಲೆಕ್ಕ. ಹಲವು ಪಾಲಿಸಿಗಳು ಕೊಂಡ ಬೆಲೆಯ ಮೇಲೆ ಶೇಕಡಾ 10 ಸೇರಿಸಿ ಮೌಲ್ಯ ಕಟ್ಟುತ್ತವೆ. ನಿಮ್ಮ ಕೈಯಲ್ಲಿರುವ ಪಾಲಿಸಿಯ ಮಾತನ್ನೇ ಓದಿಕೊಳ್ಳಿ. ಚಿನ್ನದ ದರ ಏರುತ್ತಿರುವಾಗ ಹಳೆಯ ಸರಕು ಮಾರಿಹೋಗಿ ಹೊಸ ದರದ ಸರಕು ಬರುತ್ತದೆ. ಗ್ರಾಮಿನ ಲೆಕ್ಕದಲ್ಲಿ ದಾಸ್ತಾನು ಅಷ್ಟೇ ಇದ್ದರೂ ಮೌಲ್ಯ 80 ಲಕ್ಷದಿಂದ 1 ಕೋಟಿ ಆಗಿರುತ್ತದೆ. ಅಂಥ ದಿನ ತಿಜೋರಿ ಕೊರೆದು 10 ಲಕ್ಷದ ಸರಕು ಕದ್ದರೆ, ವಿಮಾ ಮೊತ್ತ ಮೌಲ್ಯಕ್ಕಿಂತ ಎಷ್ಟು ಪಾಲು ಕಡಿಮೆಯೋ ಪರಿಹಾರವನ್ನೂ ಅಷ್ಟೇ ಪಾಲು ಇಳಿಸುವ ಸರಾಸರಿ ಷರತ್ತಿನ ಪ್ರಕಾರ 10 ಲಕ್ಷ ಗುಣಿಸು 80 ಭಾಗಿಸು 100, ಅಂದರೆ 8 ಲಕ್ಷ ಮಾತ್ರ ಬರುತ್ತದೆ. ಅದರಲ್ಲಿಯೂ ಅಂಗಡಿಯವರೇ ಭರಿಸಬೇಕಾದ ಆರಂಭಿಕ ಮೊತ್ತ ಕಳೆಯುತ್ತದೆ.

ಜಯನಗರದ ದಾರಿಯಲ್ಲಿ ಕಿತ್ತುಕೊಂಡ ಚೀಲದ ಲೆಕ್ಕವೂ ಹೀಗೆಯೇ ಕಟ್ಟುಬೀಳುತ್ತದೆ. ಒಂದನೆಯ ವಿಭಾಗದ 80 ಲಕ್ಷ ಅದರ ನೆರವಿಗೆ ಬರುವುದಿಲ್ಲ. ಎರಡನೆಯ ವಿಭಾಗದ ಮಿತಿ 5 ಲಕ್ಷ. 7 ಲಕ್ಷದ ಒಡವೆ ಹೋದರೂ ಗರಿಷ್ಠ 5 ಲಕ್ಷ. ಉಳಿದ 2 ಲಕ್ಷವನ್ನು ತಪ್ಪಿಸಬೇಕಿದ್ದರೆ ಮಗ ಎರಡು ಬಾರಿ ಓಡಾಡಬೇಕಿತ್ತು, ಅಥವಾ ಮದುವೆಯ ತಿಂಗಳಿಗೆ ಮುಂಚೆ ಆ ವಿಭಾಗದ ಮೊತ್ತವನ್ನು ಹೆಚ್ಚಿಸಿಕೊಳ್ಳಬೇಕಿತ್ತು.