ರೈಲು ಮೂರು ಗಂಟೆ ತಡವಾದಾಗ ದುಡ್ಡು ಉಳಿಯೋದು ಎಲ್ಲಿ, ಹೋಗೋದು ಎಲ್ಲಿ

ಹುಬ್ಬಳ್ಳಿಯಿಂದ ರಾತ್ರಿ 9ಕ್ಕೆ ಹೊರಡಬೇಕಿದ್ದ ರೈಲಿಗೆ ಒಂದು ಕುಟುಂಬಕ್ಕೆ ನಾಲ್ಕು ಸ್ಲೀಪರ್ ಟಿಕೆಟ್ ಮಾಡಿಕೊಟ್ಟಿದ್ದೆ. ರೈಲು ಹೊರಟಿದ್ದು ರಾತ್ರಿ 12:50ಕ್ಕೆ. ಅವರು ಕಾದು ಬೇಸತ್ತು ಬಸ್ಸು ಹತ್ತಿದ್ದರು. ಬೆಳಿಗ್ಗೆ ಫೋನ್ ಮಾಡಿ, "ಸರ್, ದುಡ್ಡು ವಾಪಸ್ ಬರುತ್ತೆ ಅಲ್ವಾ?" ಅಂತ ಕೇಳಿದರು. ಬರಬೇಕಿತ್ತು. ಆದರೆ ಹೊತ್ತು ಮೀರಿಹೋಗಿತ್ತು.

ನಿಯಮ ಹೀಗಿದೆ. ನೀವು ಹತ್ತುವ ಸ್ಟೇಷನ್ನಿನಲ್ಲಿ ರೈಲು 3 ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಪ್ರಯಾಣ ಮಾಡದಿದ್ದರೆ ಟಿಕೆಟ್ಟಿನ ಪೂರ್ತಿ ದರ ವಾಪಸ್ ಸಿಗುತ್ತದೆ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ಟಿಗೂ ಇದು ಅನ್ವಯಿಸುತ್ತದೆ. ಆದರೆ ಇ-ಟಿಕೆಟ್ ಇದ್ದವರು ರೈಲು ಆ ಸ್ಟೇಷನ್ ಬಿಡುವ ಮುಂಚೆಯೇ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಆನ್‌ಲೈನ್ ಅರ್ಜಿ, ಹಾಕಿರಬೇಕು. ಆ ಕುಟುಂಬ 12:50ರ ಒಳಗೆ ನನಗೊಂದು ಫೋನ್ ಮಾಡಿದ್ದರೆ ಸಾಕಿತ್ತು. ಟಿಕೆಟ್ ಬುಕ್ ಮಾಡಿದ ಖಾತೆಯಿಂದಲೇ ಟಿಡಿಆರ್ ಹಾಕಬೇಕಾದ್ದರಿಂದ, ಏಜೆಂಟರ ಹತ್ತಿರ ಮಾಡಿಸಿದವರು ಅವರ ನಂಬರ್ ಕೈಯಲ್ಲಿಟ್ಟುಕೊಂಡಿರಿ. ರಾತ್ರಿಯಾದರೂ ಎಬ್ಬಿಸಿ.

ನೀವೇ ಬುಕ್ ಮಾಡಿದ್ದರೆ ಐಆರ್‌ಸಿಟಿಸಿ ಖಾತೆಯಲ್ಲಿ File TDR ತೆರೆದು, ಪಿಎನ್ಆರ್ ಆರಿಸಿ, ರೈಲು 3 ಗಂಟೆಗಿಂತ ಹೆಚ್ಚು ತಡವಾಗಿದೆ, ಪ್ರಯಾಣ ಮಾಡಿಲ್ಲ ಎಂಬ ಕಾರಣವನ್ನೇ ಒತ್ತಿ. ಮಾಮೂಲಿ ಕ್ಯಾನ್ಸಲ್ ಬಟನ್ ಒತ್ತಬೇಡಿ. ಅದು ನಿಮ್ಮ ಇಷ್ಟದಿಂದ ರದ್ದು ಮಾಡಿದ ಲೆಕ್ಕಕ್ಕೆ ಹೋಗಿ, ಶುಲ್ಕ ಕಡಿತವಾಗುತ್ತದೆ. ಟಿಡಿಆರ್ ಹಾಕಿದ ಮೇಲೆ ಆ ರೈಲು ಹತ್ತಲೂಬೇಡಿ.

ಇನ್ನೊಂದು ಎಚ್ಚರಿಕೆ. ತಡ ಎಷ್ಟು ಅಂತ ನೋಡುವುದು ನಿಮ್ಮ ಸ್ಟೇಷನ್ನಿನ ಲೆಕ್ಕದಲ್ಲಿ, ಅದೂ ರೈಲು ನಿಜವಾಗಿ ಹೊರಟ ಸಮಯದ ಮೇಲೆ. ಆ್ಯಪ್‌ನಲ್ಲಿ 3 ಗಂಟೆ 10 ನಿಮಿಷ ತಡ ಅಂತ ತೋರಿಸಿದ ರೈಲು ದಾರಿಯಲ್ಲಿ ವೇಗ ಹಿಡಿದು 2 ಗಂಟೆ 50 ನಿಮಿಷ ತಡವಾಗಿ ಬಂದು ಹೊರಟರೆ ನಿಮ್ಮ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿ ತಡ ಮೂರು ಗಂಟೆಯ ಆಸುಪಾಸಿನಲ್ಲಿದ್ದರೆ ನಾನು ಗ್ರಾಹಕರಿಗೆ ಅವಸರ ಮಾಡಬೇಡಿ ಅಂತಲೇ ಹೇಳುತ್ತೇನೆ. ನಾಲ್ಕೈದು ಗಂಟೆ ತಡವಿದ್ದರೆ ಆ ಭಯವಿಲ್ಲ. ಅರ್ಜಿಯನ್ನು ರೈಲ್ವೆಯವರು ಪರಿಶೀಲಿಸಿದ ಮೇಲೆಯೇ ಹಣ ಬರುವುದರಿಂದ, ಟಿಡಿಆರ್ ನಂಬರ್ ಬರೆದಿಟ್ಟುಕೊಂಡು ಆಗಾಗ ಸ್ಥಿತಿ ನೋಡುತ್ತಿರಿ.

ರೈಲೇ ಪೂರ್ತಿ ರದ್ದಾದರೆ ಕೆಲಸ ಸುಲಭ. ಇ-ಟಿಕೆಟ್ಟಿನ ಹಣ ತಾನಾಗಿಯೇ ವಾಪಸ್ ಬರುತ್ತದೆ, ನೀವು ಏನೂ ಮಾಡಬೇಕಿಲ್ಲ. ಕನ್ವೀನಿಯನ್ಸ್ ಶುಲ್ಕ ಮಾತ್ರ ಬರುವುದಿಲ್ಲ. ಕೌಂಟರ್ ಟಿಕೆಟ್ ಇದ್ದವರು ಸುಮ್ನೆ ಕೂರಬೇಡಿ: ರೈಲು ಹೊರಡಬೇಕಿದ್ದ ದಿನದಿಂದ 3 ದಿನದೊಳಗೆ ಅಸಲಿ ಟಿಕೆಟ್ಟನ್ನು ರಿಸರ್ವೇಶನ್ ಕೌಂಟರಿಗೆ ಒಪ್ಪಿಸಬೇಕು. ರೈಲು ತಡವಾದಾಗಲಾದರೆ ಅಷ್ಟು ಕಾಲಾವಕಾಶ ಇಲ್ಲ, ಆ ರೈಲು ಹೊರಡುವಷ್ಟರಲ್ಲಿ ಟಿಕೆಟ್ ಕೌಂಟರಿನಲ್ಲಿರಬೇಕು.

ಏಜೆಂಟ್ ಮಾಡಿದ ಟಿಕೆಟ್ಟಿನ ಹಣ ಮೊದಲು ಏಜೆಂಟರ ಖಾತೆಗೆ ಹೋಗುತ್ತದೆ. ಬಂದ ಮೊತ್ತ ಎಷ್ಟು ಅನ್ನೋ ಮೆಸೇಜು ಒಟಿಪಿ ಸಮೇತ ನಿಮ್ಮ ಮೊಬೈಲಿಗೂ ಬರುತ್ತದೆ. ಅದಕ್ಕೇ ಬುಕಿಂಗ್ ಮಾಡಿಸುವಾಗ ನಿಮ್ಮದೇ ನಂಬರ್ ಕೊಡಿ. ಹಣ ಕೈಗೆ ಬಂದ ಮೇಲಷ್ಟೇ ಆ ಒಟಿಪಿ ಹೇಳಿ.