ಚೌತಿಯ ಶುಭಾಶಯ ಎಲ್ಲರಿಗೂ ಕಳುಹಿಸಬೇಕೇ?

ಪ್ರಶ್ನೆ: ಕಾರವಾರದಲ್ಲಿ ನಮ್ಮದೊಂದು ಬಟ್ಟೆ ಅಂಗಡಿಯಿದೆ. ಬಿಲ್ ಮಾಡುವಾಗ ಬರೆದುಕೊಂಡ ಸುಮಾರು 600 ಗ್ರಾಹಕರ ಮೊಬೈಲ್ ಸಂಖ್ಯೆಗಳು ನಮ್ಮಲ್ಲಿವೆ. ಕಳೆದ ವರ್ಷ ಚೌತಿಯ ದಿನ ಗಣಪತಿಯ ಚಿತ್ರ, ಶುಭಾಶಯ ಮತ್ತು ರಿಯಾಯಿತಿಯ ವಿವರ ಸೇರಿಸಿ ಎಲ್ಲರಿಗೂ ವಾಟ್ಸ್ಆ್ಯಪ್ ಮಾಡಿದೆವು. ಕೆಲವರು ಬೇಸರಪಟ್ಟುಕೊಂಡರು. ಈ ಸಲ ಹೆಸರು ನೋಡಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಪಟ್ಟಿ ಮಾಡಿದರೆ ಸರಿಯಾಗುತ್ತದೆಯೇ?

ಉತ್ತರ: ಸರಿಯಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಂತೂ ಆ ದಾರಿ ಬೇಗನೆ ಕೆಡುತ್ತದೆ. ಕೊಂಕಣಿ ಮಾತನಾಡುವವರು ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಭಟ್ಕಳದ ನವಾಯತ ಮುಸ್ಲಿಮರ ಮಾತೂ ಕೊಂಕಣಿಗೆ ಹತ್ತಿರದ್ದು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದಲ್ಲಿ ಮೂರೂ ಧರ್ಮಗಳ ಕುಟುಂಬಗಳಿವೆ. ಹೆಸರು, ಮಾತು, ಊರು ನೋಡಿ ನೀವು ಊಹಿಸುತ್ತೀರಿ. ಊಹೆ ತಪ್ಪಿದಾಗ ಗ್ರಾಹಕನಿಗೆ ಆಗುವ ಮುಜುಗರ ರಿಯಾಯಿತಿಯಿಂದ ಹೋಗುವುದಿಲ್ಲ. ಊಹೆ ಸರಿಯಾದರೂ ಇನ್ನೊಂದು ತೊಂದರೆಯಿದೆ. ಪಕ್ಕದ ಮನೆಯ ಚೌತಿಗೆ ಪ್ರತಿ ವರ್ಷ ಹೋಗುವ ಮುಸ್ಲಿಂ ಗ್ರಾಹಕನನ್ನು ನೀವೇ ಚೌತಿಯ ಪಟ್ಟಿಯಿಂದ ತೆಗೆದುಹಾಕಿರುತ್ತೀರಿ. ಅದೇ ಹೊತ್ತಿಗೆ, ಆ ವರ್ಷ ಸಾವು ಸಂಭವಿಸಿ ಹಬ್ಬವನ್ನೇ ಮಾಡದ ಹಿಂದೂ ಮನೆಗೆ ‘ನಿಮ್ಮ ಮನೆಯಲ್ಲಿ ಸಂಭ್ರಮ ತುಂಬಲಿ’ ಎಂದು ಬರೆದಿರುತ್ತೀರಿ.

ಆದ್ದರಿಂದ ಕೇಳಿಬಿಡಿ. ಹಬ್ಬಕ್ಕೆ ಒಂದು ತಿಂಗಳು ಇರುವಾಗ ಇಂಥದೊಂದು ಸಂದೇಶ ಸಾಕು: ‘ನಮಸ್ಕಾರ. ಹಬ್ಬದ ದಿನ ನಮ್ಮ ಅಂಗಡಿಯಿಂದ ಶುಭಾಶಯ ಕಳುಹಿಸುತ್ತೇವೆ. ಚೌತಿ, ದೀಪಾವಳಿ, ಈದ್, ಕ್ರಿಸ್ಮಸ್: ಇವುಗಳಲ್ಲಿ ಯಾವುದಕ್ಕೆ ಕಳುಹಿಸಲಿ? ಎಲ್ಲವೂ ಎಂದರೂ ಸರಿ, ಯಾವುದೂ ಬೇಡ ಎಂದರೂ ಸರಿ. ಹೊಸ ಸರಕು, ರಿಯಾಯಿತಿಯ ಸುದ್ದಿಯೂ ಬೇಕಿದ್ದರೆ ‘ಸುದ್ದಿ’ ಎಂದು ಸೇರಿಸಿ ಬರೆಯಿರಿ.’ ಬಿಲ್ ಕೊಡುವ ಮೇಜಿನ ಮೇಲೂ ಇದೇ ಮಾತಿನ ಒಂದು ಚೀಟಿ ಇರಲಿ. ಎದುರಿಗಿರುವ ಪರಿಚಯದ ಮುಖಕ್ಕೆ ಉತ್ತರ ಹೇಳುವುದು ಹಲವರಿಗೆ ಸುಲಭ.

ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಗ್ರಾಹಕರಿಗೆ ಲೇಬಲ್ ಹಚ್ಚುವ ಸೌಲಭ್ಯವಿದೆ. ಅಲ್ಲಿ ‘ಮುಸ್ಲಿಂ’, ‘ಹಿಂದೂ’ ಎಂದು ಬರೆಯಬೇಡಿ. ‘ಚೌತಿ’, ‘ಈದ್’, ‘ಕ್ರಿಸ್ಮಸ್’, ‘ಸುದ್ದಿ’ ಎಂದು ಬರೆಯಿರಿ. ಇದು ಬರಿ ಪದದ ವ್ಯತ್ಯಾಸವಲ್ಲ. ಮೊದಲನೆಯದು ನೀವು ಒಬ್ಬರ ಮೇಲೆ ಹಚ್ಚಿದ ಗುರುತು. ಎರಡನೆಯದು ಅವರೇ ನಿಮ್ಮಿಂದ ಕೇಳಿದ್ದು. ಒಬ್ಬರಿಗೆ ಮೂರು ಲೇಬಲ್ ಬೇಕಾದರೂ ಹಚ್ಚಬಹುದು. ಅಂಗಡಿಯ ಹುಡುಗನ ಕೈಗೆ ಆ ಮೊಬೈಲ್ ಹೋದಾಗಲೂ ಯಾರ ಜಾತಿ, ಧರ್ಮದ ಪಟ್ಟಿಯೂ ಅಲ್ಲಿ ಇರುವುದಿಲ್ಲ.

600 ಜನರಲ್ಲಿ 150 ಜನ ಉತ್ತರಿಸಿದರು ಎಂದಿಟ್ಟುಕೊಳ್ಳಿ. ಉಳಿದ 450 ಜನರ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಬಿಲ್‌ಗೆಂದು ಕೊಟ್ಟ ಸಂಖ್ಯೆ ಬಿಲ್‌ಗೆ ಮಾತ್ರ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಬಂದ 2023ರ ಕಾಯ್ದೆಯೂ ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿರೋ ಅದಕ್ಕಷ್ಟೇ ಮಾಹಿತಿಯನ್ನು ಬಳಸಬೇಕು ಎಂಬ ತತ್ವದ ಮೇಲೆಯೇ ನಿಂತಿದೆ. ಇನ್ನೊಂದು ಸಂಗತಿ ನಿಮಗೆ ಸಮಾಧಾನ ಕೊಡಬಹುದು. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಕಳೆದ ವರ್ಷದ ನಿಮ್ಮ ಸಂದೇಶವೂ 600 ಮನೆಗಳನ್ನು ಮುಟ್ಟಿರಲಾರದು. ಸಂದೇಶದ ಮಾಹಿತಿಯನ್ನು ತೆರೆದು ನೋಡಿ. ವಾರವಾದರೂ ತಲುಪಿದ ಗುರುತು ಕಾಣದವರು ಬಹುಶಃ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡಿಲ್ಲ, ಇಲ್ಲವೇ ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ. ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿರಿ.

ಈಗ ಬೇಸರದ ನಿಜವಾದ ಕಾರಣಕ್ಕೆ ಬರೋಣ. ನಿಮ್ಮ ಸಂದೇಶದಲ್ಲಿ ಶುಭಾಶಯವೂ ಬೆಲೆಯೂ ಒಟ್ಟಿಗಿದ್ದವು. ಗಣಪತಿಯ ಚಿತ್ರದ ಪಕ್ಕದಲ್ಲೇ ಶೇಕಡಾ 20 ಎಂಬ ಕೆಂಪು ಚಕ್ರ ಕಂಡಾಗ, ಚೌತಿ ಮಾಡುವ ಮನೆಯವರಿಗೇ ಮೊದಲು ಮನಸ್ಸು ಕಹಿಯಾಗುತ್ತದೆ. ಇವೆರಡನ್ನೂ ಬಿಡಿಸಿ, ನಡುವೆ ದಿನಗಳ ಅಂತರವಿಡಿ. ಚೌತಿಗೆ ಮುಂಬಯಿ, ಗೋವಾದಿಂದ ಮನೆಮಂದಿ ಊರಿಗೆ ಬರುತ್ತಾರೆ. ಬಟ್ಟೆಯ ಖರೀದಿ ಅದಕ್ಕೂ ಮುಂಚೆಯೇ ಆಗಿರುತ್ತದೆ. ಹಾಗಾಗಿ ರಿಯಾಯಿತಿಯ ಸುದ್ದಿ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು, ‘ಸುದ್ದಿ’ ಕೇಳಿದವರಿಗೆ ಮಾತ್ರ, ಒಮ್ಮೆ ಹೋಗಲಿ. ಅದರಲ್ಲಿ ದೇವರ ಚಿತ್ರ ಬೇಡ. ಸೀರೆಯ ಚಿತ್ರ, ಬೆಲೆ, ಕೊನೆಯ ದಿನಾಂಕ ಇದ್ದರಾಯಿತು. ಅಚ್ಚು ಹಾಕಿಸುವ ಕರಪತ್ರ, ಕೈಚೀಲಕ್ಕೂ ಇದೇ ಮಾತು, ಏಕೆಂದರೆ ಅವು ಕೊನೆಗೆ ಬೀದಿಯಲ್ಲಿ ಕಾಲಿಗೆ ಸಿಗುತ್ತವೆ. ಹಬ್ಬದ ಬೆಳಿಗ್ಗೆ ಹೋಗುವ ಶುಭಾಶಯದಲ್ಲಿ ಎರಡು ಸಾಲು ಮತ್ತು ಅಂಗಡಿಯ ಹೆಸರು ಸಾಕು. ಬೆಲೆ, ಕೊಂಡಿ, ‘ಇಂದೇ ಬನ್ನಿ’ ಯಾವುದೂ ಬೇಡ. ಚಿತ್ರ ಬೇಕೆನಿಸಿದರೆ ಮನೆಯಲ್ಲಿ ಕಟ್ಟಿದ ಫಲಾವಳಿಯದೊಂದು ಫೋಟೋ ತೆಗೆದು ಹಾಕಿ. ಅಂತರ್ಜಾಲದಿಂದ ಇಳಿಸಿದ ಹೊಳೆಯುವ ಚಿತ್ರಕ್ಕಿಂತ ಅದು ನಿಮ್ಮದೇ ಮಾತಿನಂತೆ ಕೇಳಿಸುತ್ತದೆ.

ರಿಯಾಯಿತಿಯನ್ನು ‘ಮುಸ್ಲಿಂ ಬಾಂಧವರಿಗೆ ವಿಶೇಷ’ ಎಂದು ಯಾವ ಸಮುದಾಯದ ಹೆಸರಿಗೂ ಕಟ್ಟಬೇಡಿ. ಅಂಗಡಿಗೆ ಬಂದ ಯಾರಿಗಾದರೂ ಅದೇ ಬೆಲೆ. ಚೌತಿಗೆ ದೊಡ್ಡ ರಿಯಾಯಿತಿ, ಈದ್‌ಗೆ ಬರಿ ಚಿತ್ರ ಎಂಬ ತಾರತಮ್ಯವನ್ನೂ ಜನ ಗಮನಿಸುತ್ತಾರೆ.

ಕ್ಯಾಲೆಂಡರನ್ನು ಕಳೆದ ವರ್ಷದ್ದರಿಂದ ನಕಲು ಮಾಡಬೇಡಿ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ, ಈದ್ ಮಿಲಾದ್ ಸೆಪ್ಟೆಂಬರ್ 5ಕ್ಕೆ ಬಂದವು. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಆ ನಂಟು ಪ್ರತಿ ವರ್ಷ ಕದಲುತ್ತದೆ. ರಂಜಾನ್ ಈದ್ ಚಂದ್ರದರ್ಶನದ ಮೇಲೆ ನಿಂತಿದೆ, ಕರಾವಳಿಯಲ್ಲಿ ಒಮ್ಮೊಮ್ಮೆ ಬೆಂಗಳೂರಿಗಿಂತ ಒಂದು ದಿನ ಮೊದಲೇ ಆಚರಣೆಯಾಗುತ್ತದೆ. ಮೊದಲೇ ಸಮಯ ಹೊಂದಿಸಿಟ್ಟ ಸಂದೇಶ ಉಪವಾಸದ ಕೊನೆಯ ದಿನವೇ ಹೋಗಿಬಿಡಬಹುದು. ಭಟ್ಕಳದ ಗ್ರಾಹಕರೊಬ್ಬರನ್ನು ಹಿಂದಿನ ರಾತ್ರಿ ಕೇಳಿ, ಬಳಿಕ ಕೈಯಾರೆ ಕಳುಹಿಸಿ. ಚೌತಿಗೂ ನವರಾತ್ರಿಗೂ ನಡುವೆ ಬರುವ ಪಿತೃಪಕ್ಷದಲ್ಲಿ ಹೊಸದನ್ನು ಕೊಳ್ಳದ ಮನೆಗಳು ಬಹಳ. ಆ ಹದಿನೈದು ದಿನ ‘ಸುದ್ದಿ’ ಪಟ್ಟಿಗೂ ಏನೂ ಹೋಗದಿರಲಿ.

ಶುಭಾಶಯವೇ ಸಲ್ಲದ ದಿನಗಳೂ ಇವೆ. ಹಲವು ವರ್ಷಗಳ ಹಿಂದೆ ಶಿರಸಿಯ ಅಂಗಡಿಯೊಂದಕ್ಕೆ ನಾನೇ ಸಂದೇಶ ಬರೆದುಕೊಡುತ್ತಿದ್ದೆ. ಕ್ಯಾಲೆಂಡರಿನಲ್ಲಿ ‘ಶುಭ ಶುಕ್ರವಾರ’ ಎಂದಿರುವುದನ್ನು ನೋಡಿ, ಅದರ ಶುಭಾಶಯ ಎಂದು ಬರೆದೆ. ಅದು ಯೇಸುವಿನ ಮರಣವನ್ನು ನೆನೆಯುವ ಶೋಕದ ದಿನ. ಚರ್ಚಿಗೆ ಹೊರಟಿದ್ದ ಒಬ್ಬ ಹಿರಿಯ ಗ್ರಾಹಕಿ ಫೋನ್ ಮಾಡಿ, ‘ಇವತ್ತು ನಾವು ಉಪವಾಸದಲ್ಲಿದ್ದೇವೆ, ಮಗ’ ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನೆನಪಿದೆ. ಮೊಹರಂನ ಹತ್ತನೆಯ ದಿನವೂ ಹಾಗೆಯೇ, ಹಲವರಿಗೆ ಅದು ದುಃಖದ ದಿನ. ಅಂಥ ದಿನ ಅಂಗಡಿ ಮುಚ್ಚಿದ್ದರೆ ಮುಚ್ಚಿದೆ ಎಂದು ಬಾಗಿಲಿಗೆ ಬರೆದು ಹಾಕಿ, ಮೊಬೈಲನ್ನು ಬದಿಗಿಡಿ.

ಇನ್ನು ಹಬ್ಬದ ದಿನ ‘ನಿಮಗೂ’ ಎಂದು ಉತ್ತರ ಬರುತ್ತದೆ. ಯಾರೋ ಅದರ ಜೊತೆಗೇ ಸೀರೆಯ ಬೆಲೆ ಕೇಳುತ್ತಾರೆ. ಕೇಳಿದವರಿಗೆ ಬೆಲೆ ಹೇಳಿ. ‘ನಿಮಗೂ’ ಎಂದಷ್ಟೇ ಬರೆದವರಿಗೆ ‘ಧನ್ಯವಾದ’ ಎಂದಷ್ಟೇ ಬರೆಯಿರಿ.